ಟೈರ್ ಎಣ್ಣೆ ಘಟಕದ ಲೆಕ್ಕದಲ್ಲಿ ಕಪ್ಪು ಪುಡಿಗೆ ಬೆಲೆ ಕಟ್ಟಬೇಡಿ

"ಗುಜರಿ ಟೈರ್‌ನಿಂದ ಎಣ್ಣೆ ತೆಗೆಯುವ 10 ಟನ್ ಸಾಮರ್ಥ್ಯದ ಪೈರಾಲಿಸಿಸ್ ಘಟಕ ಹಾಕಬೇಕೆಂದಿದ್ದೇನೆ. ಎಣ್ಣೆಯನ್ನೂ ಕಾರ್ಬನ್ ಪುಡಿಯನ್ನೂ ಮಾರಿದರೆ ಬಂಡವಾಳ ಬೇಗ ವಾಪಸ್ ಬರುತ್ತದೆಯೇ?"

ನಾನು ಅಂಥದೇ ಘಟಕವನ್ನು ನಡೆಸಿ ಮುಚ್ಚಿದವನು. ನನ್ನನ್ನು ಮುಳುಗಿಸಿದ್ದು ಆ ಕಾರ್ಬನ್ ಪುಡಿಯೇ.

ಗಾಳಿ ಆಡದ ರಿಯಾಕ್ಟರಿನಲ್ಲಿ ಟೈರನ್ನು 400ರಿಂದ 500 ಡಿಗ್ರಿವರೆಗೆ ಕಾಯಿಸಿದರೆ, 10 ಟನ್ನಿಗೆ ಸುಮಾರು 4 ಟನ್ ಎಣ್ಣೆ, 3.5 ಟನ್ ಕಪ್ಪು ಪುಡಿ, ಒಂದು ಟನ್ನಿಗಿಂತ ತುಸು ಹೆಚ್ಚು ಉಕ್ಕಿನ ತಂತಿ ಸಿಗುತ್ತವೆ. ಉಳಿದದ್ದು ಅನಿಲವಾಗಿ ಒಲೆಗೇ ಹೋಗುತ್ತದೆ. ಯಂತ್ರ ಮಾರಿದವರು ಪುಡಿಯನ್ನು, ಟೈರ್ ತಯಾರಿಸಲು ರಬ್ಬರಿಗೆ ಬೆರೆಸುವ 'ಕಾರ್ಬನ್ ಬ್ಲ್ಯಾಕ್' ಎಂದೇ ಕರೆದಿದ್ದರು, ನಾನು ಅದರ ದರವನ್ನೇ ಯೋಜನಾ ವರದಿಯ ಆದಾಯದಲ್ಲಿ ಬರೆದೆ. ಖರೀದಿಗೆಂದು ಬಂದ ರಬ್ಬರ್ ಕಾರ್ಖಾನೆಯವರು ಒಂದು ಚಿಟಿಕೆ ಪುಡಿಯನ್ನು ಮೂಸೆಯಲ್ಲಿಟ್ಟು ಪೂರ್ತಿ ಸುಟ್ಟರು. ಕಪ್ಪೆಲ್ಲ ಹೋಗಿ ತಳದಲ್ಲಿ ಬೂದು ಬಣ್ಣದ ಬೂದಿ ಉಳಿಯಿತು. ಹೊಸ ಕಾರ್ಬನ್ ಬ್ಲ್ಯಾಕಿನಲ್ಲಿ ಈ ಬೂದಿ ಶೇ. 1ನ್ನೂ ಮುಟ್ಟುವುದಿಲ್ಲ, ಟೈರಿನ ಪುಡಿಯಲ್ಲಿ ಶೇ. 15ರ ಆಸುಪಾಸಿನಲ್ಲಿರುತ್ತದೆ. ಟೈರ್ ತಯಾರಿಸುವಾಗ ಹಾಕಿದ ಸತುವಿನ ಆಕ್ಸೈಡ್ ಮತ್ತು ಸಿಲಿಕಾ ಎಣ್ಣೆಯ ಜೊತೆ ಹೊರಗೆ ಹೋಗದೆ ಪುಡಿಯಲ್ಲೇ ಕೂರುತ್ತವೆ, ಗಂಧಕದ ಬಹುಪಾಲೂ ಅಲ್ಲಿಯೇ ಉಳಿಯುತ್ತದೆ. ಅದನ್ನು ಮತ್ತೆ ಟೈರಿಗೆ ಬಳಸಲು ಪ್ರತ್ಯೇಕ ಸಂಸ್ಕರಣೆ ಬೇಕು. ಆ ಯಂತ್ರಗಳ ಬಂಡವಾಳವೇ ಬೇರೆ. ಹೀಗಾಗಿ ಪ್ರತಿ ಬ್ಯಾಚಿಗೆ 3.5 ಟನ್ ಪುಡಿ ಷೆಡ್ಡಿನಲ್ಲಿ ಪೇರಿತು, ಗಾಳಿಗೆ ಹಾರಿ ಪಕ್ಕದ ಹೊಲದ ಎಲೆಗಳ ಮೇಲೆ ಕೂತಿತು. ಆ ಹೊಲದವರ ದೂರು ನ್ಯಾಯವಾಗಿತ್ತು.

ಎಣ್ಣೆಯನ್ನೂ ಡೀಸೆಲ್ ಎಂದು ನಂಬಬೇಡಿ. ಅದರಲ್ಲಿ ಸುಮಾರು ಶೇ. 1ರಷ್ಟು ಗಂಧಕವಿರುತ್ತದೆ, ಕಡಿಮೆ ಶಾಖಕ್ಕೇ ಹೊತ್ತಿಕೊಳ್ಳುತ್ತದೆ; ಅದಕ್ಕೆ ತಕ್ಕ ವ್ಯವಸ್ಥೆಯಿರುವ ಕುಲುಮೆಗೆ ಮಾತ್ರ ಸರಿ.

ಆದ್ದರಿಂದ ನೀವು ಎಣ್ಣೆಯ ಯೋಚನೆಯನ್ನೇ ಬಿಟ್ಟು, ಟೈರ್ ಕತ್ತರಿಸುವ ಯಂತ್ರ ಹಾಕಿ ಸಿಮೆಂಟ್ ಕಾರ್ಖಾನೆಗೆ ಚೂರು ಪೂರೈಸಬೇಕೆಂಬುದು ನನ್ನ ಅಭಿಪ್ರಾಯ. ಕಚ್ಚಾವಸ್ತು 1,450 ಡಿಗ್ರಿ ಮುಟ್ಟುವ ಆ ಗೂಡಿನಲ್ಲಿ ರಬ್ಬರ್ ಕಲ್ಲಿದ್ದಲಿನ ಬದಲು ಉರಿಯುತ್ತದೆ, ತಂತಿಯ ಕಬ್ಬಿಣವೂ ಬೂದಿಯೂ, ಅರೆದು ಸಿಮೆಂಟ್ ಮಾಡುವ ಕ್ಲಿಂಕರ್ ಗಟ್ಟಿಗಳಲ್ಲಿ ಸೇರಿಹೋಗುತ್ತವೆ. ನನ್ನ ಷೆಡ್ಡಿನಲ್ಲಿ ಉಳಿದಂಥ ರಾಶಿ ಅಲ್ಲಿ ಉಳಿಯುವುದಿಲ್ಲ. ಆದರೆ ಸತು ಹೆಚ್ಚಾದರೆ ಸಿಮೆಂಟ್ ಗಟ್ಟಿಯಾಗುವುದು ತಡವಾಗುವುದರಿಂದ ಅವರು ಮಿತಿ ಹಾಕುತ್ತಾರೆ. ದೊಡ್ಡ ತುಂಡುಗಳು ಒಮ್ಮೆಲೇ ಬಿದ್ದರೆ ಆಮ್ಲಜನಕ ಸಾಲದೆ ಕಾರ್ಬನ್ ಮಾನಾಕ್ಸೈಡ್ ಏರುತ್ತದೆ, ಆಗ ಸ್ಫೋಟದ ಭಯದಿಂದ ಧೂಳು ಹಿಡಿಯುವ ವಿದ್ಯುತ್ ಯಂತ್ರವನ್ನೇ ನಿಲ್ಲಿಸಬೇಕಾಗುತ್ತದೆ. ಹೀಗಾಗಿ ಅವರಿಗೆ ಒಂದೇ ಗಾತ್ರದ ಚೂರು, ಒಂದೇ ಸಮನೆ ಬೇಕು. ಟೈರ್ ಚೂರು ಹಗುರ, ಲಾರಿ ತುಂಬಿದರೂ ತೂಕ ಕಡಿಮೆ. ಸೇಡಂ, ವಾಡಿ ಕಡೆಯ ಕಾರ್ಖಾನೆಗಳಿಂದ ದೂರವಿದ್ದರೆ ಬಾಡಿಗೆಯೇ ಲಾಭ ನುಂಗುತ್ತದೆ.

ರಸ್ತೆ ಡಾಂಬರಿಗೆ ಬೆರೆಸುವ ರಬ್ಬರ್ ಪುಡಿಗೂ ಬೇಡಿಕೆಯಿದೆ. ಆದರೆ ಅದಕ್ಕೆ ತಂತಿ, ನೂಲು ಪೂರ್ತಿ ತೆಗೆದ ನುಣುಪು ಪುಡಿ ಬೇಕು, ಟ್ಯಾಂಕಿನಲ್ಲಿ ಕಲಕದೆ ಬಿಟ್ಟರೆ ರಬ್ಬರ್ ಡಾಂಬರಿನಿಂದ ಬೇರ್ಪಡುತ್ತದೆ, ಮಳೆಗಾಲದಲ್ಲಿ ಕೆಲಸವೇ ನಿಲ್ಲುತ್ತದೆ. ಅದನ್ನು ಮೊದಲ ಆದಾಯವೆಂದು ಹಿಡಿಯಬೇಡಿ. ಯಂತ್ರಕ್ಕೆ ಮುಂಗಡ ಕೊಡುವ ಮೊದಲು ಸಿಮೆಂಟ್ ಕಾರ್ಖಾನೆಯಿಂದ ಚೂರಿನ ಗಾತ್ರ, ತಿಂಗಳ ಪ್ರಮಾಣ, ಬಾಡಿಗೆ ಯಾರದೆಂಬುದನ್ನು ಬರವಣಿಗೆಯಲ್ಲಿ ಪಡೆಯಿರಿ.