ಮೂರು ವರ್ಷ ಮಾತಿಲ್ಲದ ಗ್ರಾಹಕರಿಗೆ ಮತ್ತೆ ಮೇಲ್ ಬರೆಯುವುದು ಹೇಗೆ?

"ಗದಗದಲ್ಲಿ ನಮ್ಮದು ಇನ್ವರ್ಟರ್, ಬ್ಯಾಟರಿ ಅಂಗಡಿ. ಹಳೆಯ ಗ್ರಾಹಕರು, ಕೊಟೇಶನ್ ತಗೊಂಡು ಸುಮ್ಮನಾದವರು ಸೇರಿ 150 ಇಮೇಲ್ ವಿಳಾಸ ಇವೆ. ಎರಡು ಮೂರು ವರ್ಷದಿಂದ ಯಾರ ಜೊತೆಗೂ ಮಾತಿಲ್ಲ. ಏನೂ ಆಗಿಲ್ಲ ಅನ್ನೋ ಹಾಗೆ ಆಫರ್ ಕಳಿಸಿದ್ರೆ ನಡೆಯುತ್ತಾ?"

ನಡೆಯುವುದಿಲ್ಲ. ನಾನು ಕಳಿಸಿ ನೋಡಿದ್ದೇನೆ.

ಹುಬ್ಬಳ್ಳಿಯಲ್ಲಿ ನಮ್ಮದು ಎಲೆಕ್ಟ್ರಾನಿಕ್ ಕಾಟಾ ಮಾರುವ, ರಿಪೇರಿ ಮಾಡುವ ಸಣ್ಣ ವ್ಯವಹಾರ. ಬ್ಯಾಡಗಿ ಕಡೆಯ ಕೋಲ್ಡ್ ಸ್ಟೋರೇಜ್‌ನವರು, ಖಾರದ ಪುಡಿ ಮಾಡುವವರು ನಮ್ಮ ಒಳ್ಳೆಯ ಗ್ರಾಹಕರಾಗಿದ್ದರು. 2021ರಲ್ಲಿ ಆ ಕಡೆ ಓಡಾಡುತ್ತಿದ್ದ ಮೆಕ್ಯಾನಿಕ್ ಕೆಲಸ ಬಿಟ್ಟ. ನಾವು ಬೇರೆಯವರನ್ನು ಕಳಿಸಲಿಲ್ಲ, ಯಾರಿಗೂ ಹೇಳಲೂ ಇಲ್ಲ. 2024ರ ದೀಪಾವಳಿಗೆ ಇದ್ದಕ್ಕಿದ್ದಂತೆ 86 ವಿಳಾಸಕ್ಕೆ ಒಂದೇ ಸಲ "ಹಬ್ಬದ ರಿಯಾಯಿತಿ" ಅಂತ ಮೇಲ್ ಹಾಕಿದೆ. 19 ಮೇಲ್ ವಿಳಾಸವೇ ಇಲ್ಲ ಎಂದು ವಾಪಸ್ ಬಂದವು. ಒಬ್ಬರು ಹೆಸರು ತೆಗೆಯಿರಿ ಎಂದು ಬರೆದರು. ಇನ್ನೊಬ್ಬರು ಫೋನ್ ಮಾಡಿ, "ಮೂರು ವರ್ಷ ಎಲ್ಲಿ ಹೋಗಿದ್ರಿ ಸಾಹೇಬ್ರ? ಹಬ್ಬ ಬಂತಂತ ನೆನಪಾತೇನು?" ಎಂದರು. ಉಳಿದವರಿಂದ ಸದ್ದೇ ಇಲ್ಲ.

ಆ ಫೋನಿನವರು ಕೇಳಿದ್ದೇ ಸರಿಯಾದ ಪ್ರಶ್ನೆ. ಮೇಲ್ ಓದುವ ಪ್ರತಿಯೊಬ್ಬರೂ ಮೊದಲು ಕೇಳಿಕೊಳ್ಳುವುದು ಅದನ್ನೇ. ಹಾಗಾಗಿ ಉತ್ತರ ಮೊದಲ ಎರಡು ಸಾಲಿನಲ್ಲೇ ಇರಬೇಕು.

ಎರಡನೇ ಸಲ ಮೇಲ್ ಬರೆಯುವ ಮುಂಚೆ ಹಳೆಯ ಬಿಲ್ ಬುಕ್ ತೆಗೆದು ಕೂತೆ. ನಿಜವಾದ ಕೆಲಸ ಇಲ್ಲೇ ಇರುವುದು, ಎರಡು ದಿನ ಹಿಡಿಯಿತು. ಪ್ರತಿ ಹೆಸರಿನ ಮುಂದೆ ಮೂರು ವಿಷಯ ಬರೆದುಕೊಂಡೆ: ಕೊನೆಗೆ ಏನು ಮಾಡಿಕೊಟ್ಟೆವು, ಯಾವ ತಿಂಗಳು, ಸಂಪರ್ಕ ತಪ್ಪಿದ್ದು ಯಾರಿಂದ. ಬಾಕಿ ಉಳಿಸಿಕೊಂಡವರನ್ನು, ಜಗಳವಾಗಿದ್ದವರನ್ನು ಪಕ್ಕಕ್ಕಿಟ್ಟೆ. ಅವರಿಗೆ ಫೋನೇ ಸರಿ. ವಾಪಸ್ ಬಂದ ವಿಳಾಸಗಳನ್ನು ಅಳಿಸಿದೆ. ಕೊನೆಗೆ ಉಳಿದದ್ದು 52. ಅದರಲ್ಲಿ ಒಂದು ಕೋಲ್ಡ್ ಸ್ಟೋರೇಜ್‌ಗೆ ಡಿಸೆಂಬರ್‌ನಲ್ಲಿ ಹೋದ ಮೇಲ್ ಇದು:

ವಿಷಯ: 2021ರ ನಂತರ ನಿಮ್ಮ ಕಾಟಾ ನೋಡಲು ನಾವು ಬರಲಿಲ್ಲ

ನಮಸ್ಕಾರ ಸರ್,
2021ರ ಮಾರ್ಚ್‌ನಲ್ಲಿ ನಿಮ್ಮ 300 ಕೆಜಿ ಪ್ಲಾಟ್‌ಫಾರ್ಮ್ ಕಾಟಾದ ಲೋಡ್ ಸೆಲ್ ಬದಲಿಸಿ ಸೀಲ್ ಹಾಕಿಸಿಕೊಟ್ಟಿದ್ದೆವು. ಆಮೇಲೆ ನಾವು ಬರಲಿಲ್ಲ, ಫೋನೂ ಮಾಡಲಿಲ್ಲ. ಬ್ಯಾಡಗಿ ನೋಡುತ್ತಿದ್ದ ಮೆಕ್ಯಾನಿಕ್ ಕೆಲಸ ಬಿಟ್ಟಿದ್ದರು. ಅದನ್ನು ನಿಮಗೆ ಹೇಳಬೇಕಿತ್ತು, ಹೇಳಲಿಲ್ಲ. ತಪ್ಪು ನಮ್ಮದು.
ಈಗ ಬೇರೆ ಮೆಕ್ಯಾನಿಕ್ ಇದ್ದಾರೆ. ಮಂಗಳವಾರ ಮತ್ತು ಶುಕ್ರವಾರ ಬ್ಯಾಡಗಿಗೆ ಬರುತ್ತಾರೆ.
ಆ ಕಾಟಾಕ್ಕೆ ಈ ವರ್ಷದ ಸೀಲ್ ಆಗಿದೆಯೇ? ಬೇರೆಯವರ ಹತ್ತಿರ ಮಾಡಿಸುತ್ತಿದ್ದರೆ "ಆಗಿದೆ" ಎಂದಷ್ಟೇ ಬರೆಯಿರಿ. ಮತ್ತೆ ತೊಂದರೆ ಕೊಡುವುದಿಲ್ಲ.

ಇಷ್ಟೇ. ಫೋಟೋ ಇಲ್ಲ, ಬಣ್ಣದ ಬಟನ್ ಇಲ್ಲ, ರಿಯಾಯಿತಿಯೂ ಇಲ್ಲ. ತಪ್ಪೊಪ್ಪಿಕೊಂಡ ಮರುಸಾಲಿಗೇ ಶೇ. 10 ರಿಯಾಯಿತಿ ಬಂದರೆ, ಆ ತಪ್ಪೊಪ್ಪಿಗೆಯೂ ಮಾರಾಟದ ಮಾತೇ ಅನಿಸುತ್ತದೆ. "ನಿಮ್ಮನ್ನು ತುಂಬಾ ಮಿಸ್ ಮಾಡಿಕೊಂಡೆವು" ಅನ್ನುವುದು ಅದಕ್ಕಿಂತ ಕೆಟ್ಟದು. ಮಿಸ್ ಮಾಡಿಕೊಂಡಿದ್ದರೆ ಫೋನ್ ಮಾಡ್ತಿದ್ದಿರಿ ಅಲ್ವಾ? ವಿಷಯದ ಸಾಲಿನಲ್ಲಿ ಸುಳ್ಳು "Re:" ಹಾಕಿ ಹಳೆಯ ಮಾತುಕತೆ ಮುಂದುವರಿದಂತೆ ತೋರಿಸುವವರೂ ಇದ್ದಾರೆ. ತೆರೆದು ನೋಡಿದ ಕ್ಷಣಕ್ಕೇ ಸಿಟ್ಟು ಬರುತ್ತದೆ.

ಕಾರಣ ಒಂದೇ ಸಾಲಿನಲ್ಲಿ ಮುಗಿಯಲಿ. ನಾನು ಮೊದಲು ಬರೆದದ್ದರಲ್ಲಿ ಲಾಕ್‌ಡೌನ್, ಅಪ್ಪನ ಆಪರೇಷನ್, ಅಂಗಡಿ ಬದಲಿಸಿದ್ದು ಎಲ್ಲಾ ಇತ್ತು. ಮನೆಯಾಕೆ ಓದಿ, "ಇದೇನ್ರೀ, ರಜಾ ಅರ್ಜಿ ಬರೆದಂಗೈತಿ" ಎಂದಳು. ಅಳಿಸಿದೆ.

ಸೀಲ್ ಬಗ್ಗೆಯೇ ಕೇಳಿದ್ದೇಕೆ ಅಂದರೆ, ವ್ಯಾಪಾರಕ್ಕೆ ಬಳಸುವ ಎಲೆಕ್ಟ್ರಾನಿಕ್ ಕಾಟಾವನ್ನು 12 ತಿಂಗಳಿಗೊಮ್ಮೆ ಕಾನೂನು ಮಾಪನಶಾಸ್ತ್ರ ಇಲಾಖೆಯಿಂದ ಪರಿಶೀಲಿಸಿ ಮುದ್ರೆ ಹಾಕಿಸಬೇಕು. ಮೆಣಸಿನಕಾಯಿ ಸುಗ್ಗಿ ಶುರುವಾಗುವ ಮುಂಚೆ ಅದು ಅವರಿಗೇ ಬೇಕಾದ ಮಾಹಿತಿ. ನಾವು ಮತ್ತೆ ಬಂದಿದ್ದೇವೆ ಅನ್ನುವುದಕ್ಕೆ ಅವರ ಕಡೆಯಿಂದಲೂ ಒಂದು ಕಾರಣ ಇರಬೇಕು. ಬ್ಯಾಡಗಿ ಮಾರ್ಕೆಟ್ ಸೋಮವಾರ, ಗುರುವಾರ. ಆ ದಿನ ಅಲ್ಲಿ ಯಾರೂ ಮೇಲ್ ನೋಡುವುದಿಲ್ಲ, ಹಾಗಾಗಿ ಈ ಮೇಲ್ ಬುಧವಾರ ಬೆಳಿಗ್ಗೆ ಕಳಿಸಿದೆ.

ಒಂದೇ ಸಲಕ್ಕೆ ಎಲ್ಲರಿಗೂ ಕಳಿಸಬೇಡಿ. ನಾನು ಸಾಮಾನ್ಯ ಮೇಲ್‌ನಿಂದಲೇ ದಿನಕ್ಕೆ 10-12, ಒಬ್ಬೊಬ್ಬರಿಗೂ ಬೇರೆ ಬೇರೆಯಾಗಿ ಕಳಿಸಿದೆ. ಹಳೆಯ ಪಟ್ಟಿಗೆ ಒಟ್ಟಿಗೆ ಹಾಕಿ ಅರ್ಧ ವಾಪಸ್ ಬಂದರೆ, ಕೆಲವರು ಸ್ಪ್ಯಾಮ್ ಎಂದು ಒತ್ತಿದರೆ, ನಿಮ್ಮ ವಿಳಾಸದ ಹೆಸರೇ ಕೆಡುತ್ತದೆ. ಆಮೇಲೆ ಈಗಿನ ಗ್ರಾಹಕರಿಗೆ ಕಳಿಸುವ ಬಿಲ್ ಕೂಡ ಸ್ಪ್ಯಾಮ್‌ಗೆ ಹೋಗಬಹುದು. ಮೊದಲ 10ರಲ್ಲಿ ಎರಡು ಮೂರು ವಾಪಸ್ ಬಂದರೆ ನಿಲ್ಲಿಸಿ, ಉಳಿದ ವಿಳಾಸಗಳನ್ನು ಫೋನ್ ಮಾಡಿ ಕೇಳಿಕೊಳ್ಳಿ. ಎಷ್ಟು ಜನ ತೆರೆದರು ಅನ್ನುವ ಲೆಕ್ಕ ನಂಬಬೇಡಿ. ಆಪಲ್ ಫೋನಿನ ಮೇಲ್ ಆ್ಯಪ್‌ನಂಥವು ಯಾರೂ ಓದದಿದ್ದರೂ ಮೇಲ್ ತೆರೆದಂತೆ ತೋರಿಸಬಹುದು. ಬಂದ ಉತ್ತರ ಮಾತ್ರ ಎಣಿಸಿ.

ನನಗೆ 52ರಲ್ಲಿ 14 ಉತ್ತರ ಬಂದವು. ಏಳು ಜನ "ಆಗಿದೆ" ಎಂದಷ್ಟೇ ಬರೆದರು. ಅದೂ ಲಾಭವೇ, ಅವರ ಹೆಸರು ಪಟ್ಟಿಯಿಂದ ತೆಗೆದೆ. ಆರು ಜನ ಬಂದು ಹೋಗಿ ಎಂದರು. ಒಬ್ಬರು ಮಾತ್ರ, "ನಿಮ್ಮ ಹುಡುಗ ಡಿಸ್‌ಪ್ಲೇ ತರ್ತೀನಿ ಅಂತ 1500 ಅಡ್ವಾನ್ಸ್ ಒಯ್ದಾನ. ಅದು ಎಲ್ಲೈತಿ?" ಎಂದು ಕೇಳಿದರು. ನಮ್ಮ ಪುಸ್ತಕದಲ್ಲಿ ಆ ಹಣ ಬಂದದ್ದೇ ಇರಲಿಲ್ಲ. ಅವರ ಹತ್ತಿರ ನಮ್ಮ ರಸೀದಿ ಇತ್ತು. ಅಂದೇ ಹಣ ವಾಪಸ್ ಹಾಕಿದೆ. ಅವರು ಈಗಲೂ ಸೀಲ್ ಬೇರೆಯವರ ಹತ್ತಿರವೇ ಹಾಕಿಸುತ್ತಾರೆ. ಇಂಥ ಹಳೆಯ ಲೆಕ್ಕ ಎದ್ದು ಬರುತ್ತದೆ, ತೀರಿಸಲು ಕೈಯಲ್ಲಿ ಸ್ವಲ್ಪ ದುಡ್ಡು ಇಟ್ಟುಕೊಂಡೇ ಶುರು ಮಾಡಿ. ಉತ್ತರ ಕೊಡದವರಿಗೆ ಮೂರು ವಾರ ಬಿಟ್ಟು ಎರಡು ಸಾಲಿನ ಇನ್ನೊಂದು ಮೇಲ್ ಹಾಕಿದೆ, ಅಲ್ಲಿಗೆ ನಿಲ್ಲಿಸಿದೆ.

ನಿಮ್ಮ ಕೊಟೇಶನ್‌ನವರ ವಿಷಯ ಬೇರೆ. ಅವರು ನಿಮ್ಮ ಗ್ರಾಹಕರೇ ಆಗಿರಲಿಲ್ಲ, ಹಾಗಾಗಿ ಕ್ಷಮೆ ಕೇಳಿದರೆ ವಿಚಿತ್ರ ಅನಿಸುತ್ತದೆ. "2023ರ ಜೂನ್‌ನಲ್ಲಿ ನೀವು ಇನ್ವರ್ಟರ್ ದರ ಕೇಳಿದ್ದಿರಿ. ಕಳಿಸಿದ ಮೇಲೆ ನಾವು ಮತ್ತೆ ವಿಚಾರಿಸಲಿಲ್ಲ. ಆ ದರ ಈಗ ಇಲ್ಲ. ನೀವು ಬೇರೆ ಕಡೆ ಹಾಕಿಸಿದ್ದೀರಾ, ಇಲ್ಲಾ ಇನ್ನೂ ಬೇಕಿದೆಯಾ?" ಅಷ್ಟು ಸಾಕು. ಹಳೆಯ ದರದ ಮಾತನ್ನು ನೀವೇ ಎತ್ತಿ, ಇಲ್ಲದಿದ್ದರೆ ಅವರು ಹಳೆಯ ಕಾಗದ ಹಿಡಿದುಕೊಂಡು ಬರುತ್ತಾರೆ.

ಹಳೆಯ ಗ್ರಾಹಕರಲ್ಲಿ ಮೊದಲು ಬ್ಯಾಟರಿಗೆ ಮೂರು ವರ್ಷ ದಾಟಿದವರನ್ನು ಆರಿಸಿ. ನಮ್ಮ ಸೀಲ್ ಇದ್ದ ಹಾಗೆ ನಿಮಗೆ ಡಿಸ್ಟಿಲ್ಡ್ ವಾಟರ್ ಇದೆ. ಬಿಲ್‌ನಲ್ಲಿರುವ ತಿಂಗಳು ಹಾಕಿ, ಇಷ್ಟು ದಿನ ನೋಡಲು ಬರಲಿಲ್ಲ ಎಂದು ಒಪ್ಪಿಕೊಂಡು, ಕೊನೆಗೆ ನೀರು ಹಾಕಿದ್ದು ಯಾವಾಗ ಎಂದು ಕೇಳಿ. ಬೇಸಿಗೆಗೆ ಮುಂಚೆ, ಫೆಬ್ರವರಿಯಲ್ಲಿ ಕಳಿಸಿದರೆ ಒಳ್ಳೆಯದು.