ರೊಸುವಾಸ್ಟಾಟಿನ್ 5: ಕಡಿಮೆಯಲ್ಲ

"ಅಪ್ಪನಿಗೆ ಬದಿಯಡ್ಕದಲ್ಲಿ ಕೊಲೆಸ್ಟ್ರಾಲ್‌ಗೆ ಅಟೊರ್ವಾಸ್ಟಾಟಿನ್ 20 ಇತ್ತು. ಮಂಗಳೂರಿನ ಡಾಕ್ಟ್ರು ರೊಸುವಾಸ್ಟಾಟಿನ್ 5 ಬರೆದರು. ಡೋಸ್ ತೀರಾ ಕಡಿಮೆ ಆಗ್ಲಿಲ್ವಾ?"

ಎರಡು ಮಾತ್ರೆಗಳ ಮಿಲಿಗ್ರಾಂ ಹೋಲಿಸಬೇಡಿ. ಸಾಮಾನ್ಯ ಲೆಕ್ಕದಲ್ಲಿ ಅಟೊರ್ವಾ 20ಕ್ಕೆ ರೊಸುವಾ 10 ಸಮ. ಆದರೆ ಏಷ್ಯಾ ಮೂಲದವರಲ್ಲಿ ಅದೇ ಡೋಸಿಗೆ ರಕ್ತದಲ್ಲಿ ರೊಸುವಾ ಸರಾಸರಿ ಸುಮಾರು ಎರಡು ಪಟ್ಟು ಸೇರುತ್ತದೆ. ಔಷಧವನ್ನು ಯಕೃತ್ತಿನೊಳಗೆ ಎಳೆಯುವ, ಹೊರಗೆ ತಳ್ಳುವ ಪ್ರೋಟೀನುಗಳ ವಂಶವಾಹಿ ವ್ಯತ್ಯಾಸ ಇದಕ್ಕೊಂದು ಕಾರಣ. ಅದಕ್ಕೇ ಅಮೆರಿಕದ ಔಷಧ ಸೂಚನೆಯಲ್ಲೂ ಏಷ್ಯಾ ಮೂಲದವರಿಗೆ 5ರಿಂದಲೇ ಆರಂಭ. ಅಟೊರ್ವಾಗೆ ಅಂಥ ನಿಯಮವಿಲ್ಲ.

4ರಿಂದ 12 ವಾರದೊಳಗೆ ಕೆಟ್ಟ ಕೊಲೆಸ್ಟ್ರಾಲ್ ಆದ ಎಲ್‌ಡಿಎಲ್ ನೋಡಿಸಿ. ಗುರಿ ಮುಟ್ಟದಿದ್ದರೆ ಡಾಕ್ಟ್ರು 10ಕ್ಕೆ ಏರಿಸಬಹುದು, ಆದರೆ ಡೋಸ್ ದುಪ್ಪಟ್ಟಾದರೂ ಎಲ್‌ಡಿಎಲ್ ಹೆಚ್ಚುವರಿ ಇಳಿಯುವುದು ಸುಮಾರು ಶೇ. 6 ಮಾತ್ರ. ಮೂತ್ರಪಿಂಡದ ಕೆಲಸ ತೋರಿಸುವ ಕ್ರಿಯಾಟಿನಿನ್ ಅಪ್ಪನಿಗೆ ಜಾಸ್ತಿಯಿದ್ದರೆ ಮೊದಲೇ ಹೇಳಿ. ಮೂತ್ರಪಿಂಡ ತೀರಾ ಸೋತಿದ್ದರೆ ಅಟೊರ್ವಾವೇ ಸುಲಭ, ಅದಕ್ಕೆ ಡೋಸ್ ಇಳಿಸಬೇಕಿಲ್ಲ. ತೊಡೆ, ಭುಜ ಕಾರಣವಿಲ್ಲದೆ ನೋಯುತ್ತಾ ಮೂತ್ರ ಕಪ್ಪು ಚಹಾದಂತಾದರೆ ಮಾತ್ರೆ ನಿಲ್ಲಿಸಿ, ಅಂದೇ ಆಸ್ಪತ್ರೆಗೆ ಹೋಗಿ ಸ್ನಾಯು ಹಾನಿ ತೋರಿಸುವ ಸಿಕೆ ರಕ್ತಪರೀಕ್ಷೆ ಮಾಡಿಸಿ.