‘ನಿರುಪದ್ರವಿ’ ಖರೀದಿದಾರ

ಮಾನ್ಯ ಸಂಪಾದಕರೇ, ಕರಾರುಪತ್ರಗಳ ಕನ್ನಡದ ಬಗ್ಗೆ ಬರೆದ ಲೇಖನವನ್ನು ಕಳಿಸುತ್ತಿದ್ದೇನೆ. ಇಂಡೆಮ್ನಿಟಿಗೆ ‘ಪರಿಹಾರ’, ಲಯಬಿಲಿಟಿಗೆ ‘ಜವಾಬ್ದಾರಿ’, ಫೋರ್ಸ್ ಮೆಜೂರ್‌ಗೆ ‘ದೈವಕೃತ್ಯ’ ಎಂಬ ಪದಗಳನ್ನು ಬಳಸಿ, ಸಾಫ್ಟ್‌ವೇರ್ ಸರಬರಾಜಿನ ಕರಾರೊಂದನ್ನು ಅನುವಾದಿಸಿ ತೋರಿಸಿದ್ದೇನೆ. ಪ್ರಕಟಣೆಗೆ ಯೋಗ್ಯವೇ, ತಿಳಿಸಿ.

ನಮಸ್ಕಾರ. ನಿಮ್ಮ ಬರವಣಿಗೆ ಶುದ್ಧವಾಗಿದೆ, ಶ್ರಮವೂ ಕಾಣುತ್ತದೆ. ಆದರೆ ಐದನೆಯ ಷರತ್ತಿಗೆ ಬಂದವನು ಅಲ್ಲಿಂದ ಮುಂದೆ ಹೋಗಲು ಬಹಳ ಹೊತ್ತು ಹಿಡಿಯಿತು.

‘ಸರಬರಾಜುದಾರನು ಖರೀದಿದಾರನಿಗೆ ಎಲ್ಲ ನಷ್ಟಗಳ ವಿರುದ್ಧ ಪರಿಹಾರ ನೀಡಿ, ಅವನನ್ನು ನಿರುಪದ್ರವಿಯಾಗಿ ಇಡತಕ್ಕದ್ದು’ ಎಂದು ಬರೆದಿದ್ದೀರಿ. ನಿರುಪದ್ರವಿ ಎಂದರೆ ಯಾರಿಗೂ ತೊಂದರೆ ಕೊಡದವನು, ನೀರುಹಾವು ನಿರುಪದ್ರವಿ. ಖರೀದಿದಾರನಿಗೆ ತೊಂದರೆ ತಟ್ಟಬಾರದು ಎನ್ನಬೇಕಾದಲ್ಲಿ, ಅವನು ಯಾರನ್ನೂ ಕಚ್ಚದಂತೆ ನೋಡಿಕೊಳ್ಳಬೇಕು ಎಂದಂತಾಗಿದೆ.

ಇದು ನಕ್ಕು ಬಿಡಬಹುದಾದ ತಪ್ಪು. ಅದೇ ವಾಕ್ಯದ ‘ಪರಿಹಾರ’ ಹಾಗಲ್ಲ. 1872ರ ಭಾರತೀಯ ಕರಾರು ಕಾಯಿದೆಯ 73ನೆಯ ಕಲಂ ಹೇಳುವುದು ಕರಾರು ಮುರಿದವನು ಕೊಡಬೇಕಾದ ಪರಿಹಾರವನ್ನು. ಅಲ್ಲಿ ಉಲ್ಲಂಘನೆಯನ್ನು ರುಜುವಾತುಪಡಿಸಬೇಕು, ನಷ್ಟವು ಅದರಿಂದ ಸಹಜವಾಗಿ ಹುಟ್ಟಿದ್ದೆಂದು ತೋರಿಸಬೇಕು, ದೂರದ ನಷ್ಟಕ್ಕೆ ಏನೂ ಸಿಗುವುದಿಲ್ಲ. 124ನೆಯ ಕಲಮಿನ ಇಂಡೆಮ್ನಿಟಿಯಾದರೋ, ತನ್ನ ಅಥವಾ ಬೇರೆ ಯಾರದೇ ನಡವಳಿಕೆಯಿಂದ ಬರುವ ನಷ್ಟದಿಂದ ನಿನ್ನನ್ನು ಪಾರುಮಾಡುತ್ತೇನೆ ಎಂಬ ವಚನ. ಎರಡಕ್ಕೂ ಒಂದೇ ಪದವನ್ನು ಹಾಕಿದರೆ ಎರಡನೆಯದು ಮೊದಲನೆಯದರೊಳಗೆ ಕರಗಿಹೋಗುತ್ತದೆ.

ನಿಮ್ಮ ಕರಾರನ್ನೇ ತೆಗೆದುಕೊಳ್ಳೋಣ. ಸಾಫ್ಟ್‌ವೇರಿನಲ್ಲಿ ತನ್ನ ಕೋಡ್ ಇದೆಯೆಂದು ಮೂರನೆಯವನೊಬ್ಬ ಖರೀದಿದಾರನ ಮೇಲೆ ದಾವೆ ಹೂಡುತ್ತಾನೆ. ಖರೀದಿದಾರ ವಕೀಲರಿಗೆ 6 ಲಕ್ಷ ರೂಪಾಯಿ ತೆತ್ತು, 10 ಲಕ್ಷಕ್ಕೆ ರಾಜಿಯಾಗುತ್ತಾನೆ. ಷರತ್ತು ಇಂಡೆಮ್ನಿಟಿಯದಾಗಿದ್ದರೆ, 125ನೆಯ ಕಲಮಿನಂತೆ ದಾವೆಯ ಖರ್ಚನ್ನೂ ರಾಜಿಯ ಹಣವನ್ನೂ ಕೇಳಬಹುದು. ಅವನು ವಚನ ಕೊಟ್ಟವನ ಸೂಚನೆಯನ್ನು ಮೀರಿರಬಾರದು, ವಿವೇಕದಿಂದ ನಡೆದುಕೊಂಡಿರಬೇಕು, ಅಷ್ಟೆ. ನಿಮ್ಮ ‘ಪರಿಹಾರ’ವನ್ನು ಹಿಡಿದುಕೊಂಡು ಎದುರು ವಕೀಲರು, ಮೊದಲು ನಮ್ಮ ಉಲ್ಲಂಘನೆಯನ್ನು ತೋರಿಸಿ, ರಾಜಿಯಾಗೆಂದು ನಿಮಗೆ ಹೇಳಿದವರು ಯಾರು ಎಂದು ಶುರುಮಾಡುತ್ತಾರೆ.

ಹಾಗಾದರೆ ‘ನಷ್ಟಭರ್ತಿ’ ಎನ್ನಬಹುದಲ್ಲ ಎಂದು ನೀವು ಕೇಳಬಹುದು. ನನ್ನ ಮೊದಲ ವರ್ಷದ ಕಚೇರಿ ಕೆಲಸದಲ್ಲಿ ನಾನೂ ಅದನ್ನೇ ಬರೆದಿದ್ದೆ. ಆಗ ನಮ್ಮ ಹಿರಿಯರು, ‘ಭರ್ತಿ ಅಂದರೆ ಖಾಲಿಯಾದ ಮೇಲೆ ತುಂಬುವುದು. ಅವನು ಮೊದಲು ಕೈಯಿಂದ ಕೊಟ್ಟು ಆಮೇಲೆ ಕೇಳಬೇಕೇನಯ್ಯಾ?’ ಎಂದರು. ಹೊಣೆ ಖಚಿತವಾಗಿ ತಲೆಗೆ ಬಂದಿದ್ದರೆ, ಹಣ ಕಟ್ಟುವ ಮೊದಲೇ ಬಿಡಿಸು ಎಂದು ಕೇಳಬಹುದೆಂದು ಬೊಂಬಾಯಿ ಹೈಕೋರ್ಟು 1942ರಲ್ಲೇ ಹೇಳಿದ್ದು ನನಗೆ ಗೊತ್ತಿರಲಿಲ್ಲ. ಅವರು ಬೀರುವಿನಿಂದ ಒಂದು ಹಳೆಯ ಕ್ರಯಪತ್ರವನ್ನು ತೆಗೆದು ಮುಂದಿಟ್ಟರು. ‘ಸದರಿ ಸ್ವತ್ತಿನ ಬಗ್ಗೆ ಯಾರಿಂದಲೇ ಆಗಲಿ ತಂಟೆ ತಕರಾರು ಉಂಟಾದಲ್ಲಿ ನಮ್ಮ ಸ್ವಂತ ಖರ್ಚಿನಿಂದ ಬಗೆಹರಿಸಿಕೊಡಲು ಬದ್ಧರಾಗಿರುತ್ತೇವೆ.’ ನಾನು ಪಾರಿಭಾಷಿಕ ಪದವನ್ನು ಹುಡುಕಿದೆ. ಅದರಲ್ಲಿ ಪದವೇ ಇರಲಿಲ್ಲ, ಕೆಲಸವಿತ್ತು. ಯಾರ ತಕರಾರು, ಯಾರ ಖರ್ಚು, ಬಗೆಹರಿಸುವವರು ಯಾರು ಎಂಬ ಮೂರೂ ಇದ್ದವು.

ನಿಮ್ಮ ಷರತ್ತನ್ನು ಆ ದಾರಿಯಲ್ಲಿ ಹೀಗೆ ಬರೆಯಬಹುದು: ‘ಸಾಫ್ಟ್‌ವೇರಿನ ಹಕ್ಕಿನ ಬಗ್ಗೆ ಮೂರನೆಯವರು ಖರೀದಿದಾರರ ಮೇಲೆ ತಕರಾರು ತಂದಲ್ಲಿ, ಸರಬರಾಜುದಾರರು ಅದನ್ನು ತಮ್ಮ ಖರ್ಚಿನಿಂದ ಎದುರಿಸಿ, ಖರೀದಿದಾರರ ತಲೆಗೆ ಬರುವ ತೀರ್ಪಿನ ಮೊತ್ತ, ದಾವೆಯ ಖರ್ಚು ಮತ್ತು ಸಮ್ಮತಿಯಿಂದ ಆದ ರಾಜಿಯ ಹಣವನ್ನು ತಾವೇ ಭರಿಸತಕ್ಕದ್ದು.’ ಶೀರ್ಷಿಕೆಗೆ ಹೆಸರೊಂದು ಬೇಕೆಂದಾದರೆ ‘ನಷ್ಟಭರ್ತಿ (ಇಂಡೆಮ್ನಿಟಿ)’ ಎಂದಿಡಿ; ವಾಕ್ಯ ಗಟ್ಟಿಯಾಗಿದ್ದರೆ ಶೀರ್ಷಿಕೆ ಸ್ವಲ್ಪ ಸಡಿಲವಾದರೂ ನಡೆಯುತ್ತದೆ.

‘ಜವಾಬ್ದಾರಿ’ಯ ಬಗ್ಗೆ ನನಗೆ ದೊಡ್ಡ ಜಗಳವಿಲ್ಲ. ಆದರೆ ಅದು ಕರ್ತವ್ಯವನ್ನೂ ಸೂಚಿಸುವುದರಿಂದ, ಹಣ ತೆರಬೇಕಾದ ಕಡೆ ‘ಹೊಣೆ’ ಎಂದೇ ಬರೆಯಿರಿ.

ಹನ್ನೊಂದನೆಯ ಷರತ್ತಿನ ‘ದೈವಕೃತ್ಯ’ ಮಾತ್ರ ನನಗೆ ಸಹಿಸಲಾಗದು. ದೈವಕೃತ್ಯವೆಂದರೆ ಪ್ರವಾಹ, ಭೂಕಂಪ, ಸಿಡಿಲು. ಮುಷ್ಕರವನ್ನಾಗಲಿ ಸರ್ಕಾರದ ನಿಷೇಧವನ್ನಾಗಲಿ ದೈವ ಮಾಡುವುದಿಲ್ಲ. ಫೋರ್ಸ್ ಮೆಜೂರ್ ದೈವಕೃತ್ಯಕ್ಕಿಂತ ವಿಶಾಲವಾದದ್ದೆಂದು ಸುಪ್ರೀಂ ಕೋರ್ಟು 1961ರಲ್ಲಿಯೇ ಹೇಳಿದೆ. ‘ಪಕ್ಷಕಾರರ ಹತೋಟಿ ಮೀರಿದ ಘಟನೆ’ ಎಂದು ಬರೆದು, ಯಾವ ಯಾವ ಘಟನೆ ಎಂಬುದನ್ನು ಅಲ್ಲಿಯೇ ಎಣಿಸಿ ಹೇಳಿ. ಬೆಲೆ ಏರಿಕೆಯನ್ನು ಅದರೊಳಗೆ ತುರುಕಬೇಡಿ. ಕೆಲಸ ದುಬಾರಿಯಾಯಿತೆಂಬ ಮಾತ್ರಕ್ಕೆ ಕರಾರಿನಿಂದ ಬಿಡುಗಡೆಯಿಲ್ಲವೆಂದು ಅದೇ ನ್ಯಾಯಾಲಯ 2017ರಲ್ಲಿ ವಿದ್ಯುತ್ ಕಂಪನಿಗಳ ಮೊಕದ್ದಮೆಯಲ್ಲಿ ಸ್ಪಷ್ಟಪಡಿಸಿದೆ. ಘಟನೆಯನ್ನು ಎಷ್ಟು ದಿನದೊಳಗೆ ತಿಳಿಸಬೇಕು, ಅಲ್ಲಿಯವರೆಗೆ ಕೆಲಸ ನಿಲ್ಲುತ್ತದೆಯೋ ಮನ್ನಾ ಆಗುತ್ತದೆಯೋ, ಎಷ್ಟು ದಿನ ಮುಂದುವರಿದರೆ ಕರಾರು ಮುಗಿಸಬಹುದು ಎಂಬುದು ನಿಮ್ಮ ಅನುವಾದದಲ್ಲಿ ಎಲ್ಲಿಯೂ ಇಲ್ಲ. ಮೂಲದಲ್ಲಿ ಇದ್ದಿರಲೇಬೇಕು, ಹುಡುಕಿ ನೋಡಿ.

ಈ ಎರಡು ಷರತ್ತುಗಳನ್ನು ಮತ್ತೆ ಬರೆದು ಕಳಿಸಿ. ಉಳಿದದ್ದನ್ನು ನಾನು ಮುಟ್ಟುವುದಿಲ್ಲ.